ಒಂದೇ ಯಂತ್ರ, ಒಂದೇ ಮಾರಾಟ ಬೆಲೆ: ಒಂದು ಲೆಕ್ಕದಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ

ಸವಕಳಿಯ ಲೆಕ್ಕ ಕಷ್ಟದ್ದಲ್ಲ. ಗುಣಾಕಾರ, ಭಾಗಾಕಾರ, ಕಳೆಯುವುದು ಗೊತ್ತಿದ್ದರೆ ಸಾಕು. ಆದರೂ ವಾಣಿಜ್ಯ ವಿಭಾಗದ ಪರೀಕ್ಷೆಗಳಲ್ಲಿ, ಕ್ವಿಜ್‌ಗಳಲ್ಲಿ ಒಂದೇ ಪ್ರಶ್ನೆಗೆ ನಾಲ್ಕು ಜನ ನಾಲ್ಕು ಉತ್ತರ ಬರೆಯುತ್ತಾರೆ. ಕಾರಣ ಗಣಿತವಲ್ಲ, ಪ್ರಶ್ನೆಯಲ್ಲಿ ಹೇಳದೇ ಬಿಟ್ಟ ಸಂಗತಿಗಳು. ಅವನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ, ಏನು ತುಂಬಿಕೊಂಡೆವೆಂದು ಮಾತ್ರ ಬರೆಯುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಒಂದು ಪ್ರಶ್ನೆ ತೆಗೆದುಕೊಂಡು, ಮೊದಲು ಊಹೆಗಳನ್ನು ಕಾಗದದ ಮೇಲಿಟ್ಟು, ಆಮೇಲೆ ಎರಡೂ ವಿಧಾನಗಳಲ್ಲಿ ಬಿಡಿಸೋಣ.

ಪ್ರಶ್ನೆ

ಒಂದು ಮುದ್ರಣಾಲಯ 2021ರ ಜುಲೈ 1ರಂದು ₹4,50,000 ಕೊಟ್ಟು ಆಫ್‌ಸೆಟ್ ಮುದ್ರಣ ಯಂತ್ರ ಕೊಂಡಿತು. ಸಾಗಣೆಗೆ ₹10,000, ಅಡಿಪಾಯ ಹಾಕಿ ಯಂತ್ರ ಕೂರಿಸಲು ₹40,000 ಖರ್ಚಾಯಿತು. 2022ರ ಆಗಸ್ಟ್‌ನಲ್ಲಿ ರಿಪೇರಿಗೆ ₹6,000 ಹೋಯಿತು. ಯಂತ್ರದ ಬಾಳಿಕೆ 10 ವರ್ಷ, ಕೊನೆಯಲ್ಲಿ ಗುಜರಿ ಮೌಲ್ಯ ₹50,000 ಎಂದು ಅಂದಾಜು. 2024ರ ಸೆಪ್ಟೆಂಬರ್ 30ರಂದು ಯಂತ್ರವನ್ನು ₹2,80,000ಕ್ಕೆ ಮಾರಲಾಯಿತು. ಲೆಕ್ಕಪುಸ್ತಕಗಳನ್ನು ಪ್ರತಿ ಮಾರ್ಚ್ 31ಕ್ಕೆ ಮುಗಿಸುತ್ತಾರೆ. (ಅ) ಸ್ಟ್ರೈಟ್ ಲೈನ್ ವಿಧಾನದಲ್ಲಿ, (ಆ) ವರ್ಷಕ್ಕೆ ಶೇ 20ರ ದರದ ಡಬ್ಲ್ಯುಡಿವಿ ವಿಧಾನದಲ್ಲಿ, ಮಾರಾಟದಿಂದ ಆದ ಲಾಭ ಅಥವಾ ನಷ್ಟ ಎಷ್ಟು?

ಮೊದಲು ಊಹೆಗಳು

ಉತ್ತರ ಪತ್ರಿಕೆಯ ಮೇಲ್ಭಾಗದಲ್ಲೇ ಇವನ್ನು ಬರೆಯಿರಿ. ಯಂತ್ರ ಕೊಂಡ ದಿನವೇ ಕೆಲಸಕ್ಕೆ ಸಿದ್ಧವಾಗಿತ್ತು, ಆದ್ದರಿಂದ ಸವಕಳಿ ಜುಲೈ 1ರಿಂದಲೇ ಶುರು. ವರ್ಷದ ನಡುವೆ ಕೊಂಡರೂ ಮಾರಿದರೂ ತಿಂಗಳ ಲೆಕ್ಕದಲ್ಲಿ ಸವಕಳಿ. ಮುದ್ರಣಾಲಯ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆದಿದೆ, ಹಾಗಾಗಿ ಅದು ಯಂತ್ರದ ವೆಚ್ಚದಲ್ಲಿ ಸೇರಿಲ್ಲ. ಕ್ರೆಡಿಟ್ ಸಿಗದ ಪಕ್ಷದಲ್ಲಿ ತೆರಿಗೆಯೂ ವೆಚ್ಚವೇ. ಇನ್ನು ಈ ಮುದ್ರಣಾಲಯ ಕಂಪನಿಯಲ್ಲ, ಒಬ್ಬ ಮಾಲೀಕರದ್ದು ಅಥವಾ ಪಾಲುದಾರರದ್ದು. ಈ ಕೊನೆಯ ಮಾತು ಯಾಕೆಂದರೆ, 2013ರ ಕಂಪನಿ ಕಾಯ್ದೆಯ ಎರಡನೇ ಷೆಡ್ಯೂಲ್ ಪ್ರಕಾರ ಉಳಿಕೆ ಮೌಲ್ಯ ಸಾಮಾನ್ಯವಾಗಿ ಮೂಲ ವೆಚ್ಚದ ಶೇ 5 ಮೀರಬಾರದು. ನಮ್ಮ ಪ್ರಶ್ನೆಯಲ್ಲಿ ಅದು ಶೇ 10 ಇದೆ.

ತಿಂಗಳ ಲೆಕ್ಕದ ಬಗ್ಗೆ ಒಂದು ಮಾತು. ದರದ ಜೊತೆ ‘ವರ್ಷಕ್ಕೆ’ ಎಂದಿದ್ದರೆ ತಿಂಗಳ ಲೆಕ್ಕ ಹಾಕಲೇಬೇಕು. ಬರೀ ‘ಶೇ 20’ ಎಂದಷ್ಟೇ ಇದ್ದರೆ ಇಡೀ ವರ್ಷದ ಸವಕಳಿ ಹಾಕುವ ರೂಢಿ ಕೆಲವು ಪಠ್ಯಗಳಲ್ಲಿದೆ. ನನ್ನ ಮಟ್ಟಿಗೆ ಅದು ಅಷ್ಟು ಒಳ್ಳೆಯ ರೂಢಿಯಲ್ಲ. ಒಂದು ಪದ ಬಿಟ್ಟುಹೋದದ್ದು ಮುದ್ರಣ ದೋಷವೂ ಆಗಿರಬಹುದು. ಯಾವುದನ್ನು ಹಿಡಿದಿರೆಂದು ಬರೆದುಬಿಟ್ಟರೆ ತಿದ್ದುವವರಿಗೂ ನಿಮಗೂ ಜಗಳವಿಲ್ಲ.

ಮೂಲ ವೆಚ್ಚ

ಯಂತ್ರವನ್ನು ಅದರ ಜಾಗಕ್ಕೆ ತಂದು, ಕೆಲಸ ಮಾಡುವ ಸ್ಥಿತಿಗೆ ತರುವವರೆಗಿನ ಅಗತ್ಯ ಖರ್ಚೆಲ್ಲ ಮೂಲ ವೆಚ್ಚ. ಬೆಲೆ, ಸಾಗಣೆ, ಕೂರಿಸುವ ಖರ್ಚು ಮೂರೂ ಸೇರಿ ₹5,00,000. ರಿಪೇರಿಯ ₹6,000 ಇದರೊಳಗೆ ಬರುವುದಿಲ್ಲ. ಅದು ಓಡುತ್ತಿದ್ದ ಯಂತ್ರವನ್ನು ಓಡುತ್ತಿರುವಂತೆ ಇಡಲು ಹೋದ ಹಣ, 2022-23ರ ಲಾಭ-ನಷ್ಟ ಖಾತೆಗೆ ನೇರ ಖರ್ಚು. ಪ್ರಶ್ನೆ ತೆಗೆದವರು ಅದನ್ನು ಅಲ್ಲಿ ಇಟ್ಟಿರುವುದೇ ನೀವು ಎಡವುತ್ತೀರಾ ಎಂದು ನೋಡಲು.

ಸ್ಟ್ರೈಟ್ ಲೈನ್

ಇಲ್ಲಿ ಪ್ರತಿ ವರ್ಷ ಒಂದೇ ಮೊತ್ತ. ವೆಚ್ಚದಿಂದ ಗುಜರಿ ಮೌಲ್ಯ ಕಳೆದು ಬಾಳಿಕೆಯ ವರ್ಷಗಳಿಂದ ಭಾಗಿಸಬೇಕು:

(5,00,000 − 50,000) ÷ 10 = ₹45,000

2021-22ರಲ್ಲಿ ಜುಲೈನಿಂದ ಮಾರ್ಚ್‌ವರೆಗೆ 9 ತಿಂಗಳು, ಆದ್ದರಿಂದ ₹33,750. ಮುಂದಿನ ಎರಡು ವರ್ಷ ತಲಾ ₹45,000. 2024-25ರಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 6 ತಿಂಗಳು, ₹22,500. ಒಟ್ಟು ಸವಕಳಿ ₹1,46,250. ಮಾರುವ ದಿನ ಪುಸ್ತಕ ಮೌಲ್ಯ ₹3,53,750. ಕೈಗೆ ಬಂದದ್ದು ₹2,80,000. ಅಂದರೆ ₹73,750 ನಷ್ಟ.

ಡಬ್ಲ್ಯುಡಿವಿ

ಇಲ್ಲಿ ದರ ಸ್ಥಿರ, ಮೊತ್ತ ಇಳಿಯುತ್ತದೆ. ಮೊದಲ ವರ್ಷ ಮೂಲ ವೆಚ್ಚದ ಮೇಲೆ, ಆಮೇಲೆ ವರ್ಷದ ಆರಂಭದ ಶಿಲ್ಕಿನ ಮೇಲೆ ಶೇ 20. ಗುಜರಿ ಮೌಲ್ಯವನ್ನು ಇಲ್ಲಿ ಕಳೆಯುವಂತಿಲ್ಲ. ಅದು ಆಗಲೇ ದರದೊಳಗೆ ಅಡಗಿದೆ. ಹೇಗೆಂದು ಸ್ವಲ್ಪ ಮುಂದೆ ನೋಡೋಣ.

| ವರ್ಷ | ಆರಂಭದ ಶಿಲ್ಕು (₹) | ಸವಕಳಿ (₹) | ಕೊನೆಯ ಶಿಲ್ಕು (₹) |
|---|---|---|---|
| 2021-22 (9 ತಿಂಗಳು) | 5,00,000 | 75,000 | 4,25,000 |
| 2022-23 | 4,25,000 | 85,000 | 3,40,000 |
| 2023-24 | 3,40,000 | 68,000 | 2,72,000 |
| 2024-25 (6 ತಿಂಗಳು) | 2,72,000 | 27,200 | 2,44,800 |

ಪುಸ್ತಕ ಮೌಲ್ಯ ₹2,44,800, ಮಾರಿದ್ದು ₹2,80,000ಕ್ಕೆ. ₹35,200 ಲಾಭ.

ಡಬ್ಲ್ಯುಡಿವಿಯಲ್ಲಿ ಎರಡನೇ ವರ್ಷದ ಸವಕಳಿ ಮೊದಲ ವರ್ಷಕ್ಕಿಂತ ಹೆಚ್ಚಾದದ್ದು ಕಂಡು ಕೆಲವರು ಗಾಬರಿಯಾಗಿ ಉತ್ತರ ಹೊಡೆದುಹಾಕುತ್ತಾರೆ. ಗಾಬರಿ ಬೇಡ. ಮೊದಲನೆಯದು 9 ತಿಂಗಳಿಗೆ ಮಾತ್ರ. ಇಡೀ ವರ್ಷಕ್ಕಾಗಿದ್ದರೆ ಅದು ₹1,00,000 ಆಗುತ್ತಿತ್ತು. ನಿಮ್ಮ ಮೊದಲ ವರ್ಷದ ಅಂಕಿ ₹67,500 ಬಂದಿದ್ದರೆ ಮಾತ್ರ ನಿಲ್ಲಿ: ಗುಜರಿ ಮೌಲ್ಯವನ್ನು ಕಳೆದುಬಿಟ್ಟಿದ್ದೀರಿ. ಮೊದಲ ಮೂರು ಸಾಲಿನ ಸವಕಳಿ ಸರಿಯಾಗಿದ್ದೂ ಕೊನೆಗೆ ಲಾಭ ಕೇವಲ ₹8,000 ಬಂದಿದ್ದರೆ, ಮಾರಿದ ವರ್ಷದ 6 ತಿಂಗಳ ಸವಕಳಿ ಹಾಕುವುದನ್ನು ಮರೆತಿದ್ದೀರಿ.

ಹಾಗಾದರೆ ಲಾಭವೋ ನಷ್ಟವೋ?

ಪ್ರಶ್ನೆಯ ಸ್ವಾರಸ್ಯ ಇಲ್ಲೇ. ಮುದ್ರಣಾಲಯ ಕೊಟ್ಟದ್ದು ಐದು ಲಕ್ಷ, ಹಿಂದೆ ಪಡೆದದ್ದು ₹2,80,000. ಮೂರೂಕಾಲು ವರ್ಷ ಯಂತ್ರ ಬಳಸಿದ್ದಕ್ಕೆ ಕೈಬಿಟ್ಟದ್ದು ₹2,20,000. ಇದನ್ನು ಯಾವ ವಿಧಾನವೂ ಬದಲಿಸಲಾರದು.

ಸ್ಟ್ರೈಟ್ ಲೈನ್‌ನಲ್ಲಿ ಸವಕಳಿ ₹1,46,250, ಜೊತೆಗೆ ನಷ್ಟ ₹73,750. ಕೂಡಿದರೆ ₹2,20,000. ಡಬ್ಲ್ಯುಡಿವಿಯಲ್ಲಿ ಸವಕಳಿ ₹2,55,200, ಅದರಿಂದ ಲಾಭದ ₹35,200 ಕಳೆದರೆ ಮತ್ತೆ ₹2,20,000. ಇದೇ ನಿಮ್ಮ ಉತ್ತರದ ತಾಳೆ. ಎರಡೂ ಕಡೆ ಈ ಮೊತ್ತ ಬರದಿದ್ದರೆ ಎಲ್ಲೋ ಕೂಡುವುದು ಕಳೆಯುವುದು ತಪ್ಪಿದೆ ಎಂದು ಖಚಿತ. ಆದರೆ ಈ ತಾಳೆಗೆ ಒಂದು ಮಿತಿ ಇದೆ. ದರ ತಪ್ಪು ಹಿಡಿದರೂ, ತಿಂಗಳು ತಪ್ಪು ಎಣಿಸಿದರೂ ಮೊತ್ತ ಕೂಡಿ ಬಂದೇ ಬರುತ್ತದೆ, ಏಕೆಂದರೆ ಸವಕಳಿಯಲ್ಲಿ ಹೆಚ್ಚಾದದ್ದು ಮಾರಾಟದ ಲಾಭದಲ್ಲಿ ಹೊಂದಿಕೊಳ್ಳುತ್ತದೆ. ಅಂಕಗಣಿತದ ತಪ್ಪನ್ನು ಅದು ಹಿಡಿಯುತ್ತದೆ, ಊಹೆಯ ತಪ್ಪನ್ನಲ್ಲ.

ವಿಧಾನ ಬದಲಿಸುವುದು ಖರ್ಚು ಯಾವ ವರ್ಷಕ್ಕೆ ಬೀಳುತ್ತದೆ ಎಂಬುದನ್ನು. ಮೊದಲ ಮೂರು ವರ್ಷಗಳಲ್ಲಿ ಡಬ್ಲ್ಯುಡಿವಿ ₹2,28,000 ಹೊರೆ ಹಾಕಿತು, ಸ್ಟ್ರೈಟ್ ಲೈನ್ ₹1,23,750 ಮಾತ್ರ. ಮಾರಿದ ವರ್ಷದಲ್ಲಿ ಸ್ಟ್ರೈಟ್ ಲೈನ್ ಹಿಡಿದವರಿಗೆ ಒಟ್ಟು ₹96,250 ಹೊಡೆತ, ಡಬ್ಲ್ಯುಡಿವಿ ಹಿಡಿದವರಿಗೆ ಸವಕಳಿ ಕಳೆದೂ ₹8,000 ಮಿಕ್ಕಿತು. ₹35,200 ‘ಲಾಭ’ ಎಂದರೆ ವ್ಯಾಪಾರದಲ್ಲಿ ಗೆದ್ದದ್ದಲ್ಲ, ಹಿಂದಿನ ವರ್ಷಗಳಲ್ಲಿ ಅಷ್ಟು ಹೆಚ್ಚು ಸವಕಳಿ ಹಾಕಿದ್ದೆವೆಂದು ತಿಳಿದದ್ದು.

ಶೇ 20 ಎಲ್ಲಿಂದ ಬಂತು

ಡಬ್ಲ್ಯುಡಿವಿ ದರವನ್ನು ವೆಚ್ಚ, ಗುಜರಿ ಮೌಲ್ಯ, ಬಾಳಿಕೆ ಮೂರರಿಂದಲೇ ಲೆಕ್ಕ ಹಾಕಬಹುದು. C ಎಂದರೆ ವೆಚ್ಚ, S ಗುಜರಿ ಮೌಲ್ಯ, n ವರ್ಷಗಳು:

r = 1 − (S/C)^(1/n)

ನಮ್ಮ ಯಂತ್ರಕ್ಕೆ S/C ಎಂದರೆ 0.1. ಅದರ ಹತ್ತನೇ ಮೂಲ ಸುಮಾರು 0.7943. ದರ ಸುಮಾರು ಶೇ 20.57. ಪ್ರಶ್ನೆಯ ಶೇ 20 ಇದಕ್ಕೆ ಹತ್ತಿರವಿದೆ. ಆ ದರದಲ್ಲಿ ಹತ್ತು ಪೂರ್ಣ ವರ್ಷಗಳ ಕೊನೆಗೆ ಉಳಿಯುವುದು ಸುಮಾರು ₹53,687. ಗುಜರಿ ಮೌಲ್ಯವನ್ನು ಮೊದಲೇ ಕಳೆಯಬಾರದು ಎಂದದ್ದು ಇದಕ್ಕೇ.

ಎಷ್ಟೋ ಪ್ರಶ್ನೆಗಳು ಎರಡೂ ವಿಧಾನಕ್ಕೆ ಒಂದೇ ಶೇ 10 ಕೊಟ್ಟು ಹೋಲಿಸಲು ಹೇಳುತ್ತವೆ. ಬಿಡಿಸಿ, ಅಂಕ ತಗೊಳ್ಳಿ, ಆದರೆ ಅದು ಹೋಲಿಕೆಯಲ್ಲ. ಐದು ಲಕ್ಷದ ಯಂತ್ರಕ್ಕೆ ಶೇ 10ರಂತೆ ಡಬ್ಲ್ಯುಡಿವಿ ಹಾಕಿದರೆ ಹತ್ತು ವರ್ಷದ ನಂತರವೂ ಪುಸ್ತಕದಲ್ಲಿ ಸುಮಾರು ₹1,74,339 ಉಳಿದಿರುತ್ತದೆ, ಯಂತ್ರ ಮಾತ್ರ ಗುಜರಿ ಅಂಗಡಿಯಲ್ಲಿರುತ್ತದೆ. ಶಿಲ್ಕಿನ ಒಂದು ಭಾಗವನ್ನಷ್ಟೇ ಪ್ರತಿ ಸಲ ತೆಗೆಯುವುದರಿಂದ ಈ ವಿಧಾನದಲ್ಲಿ ಶಿಲ್ಕು ಎಂದೂ ಸೊನ್ನೆಯಾಗುವುದಿಲ್ಲ. ಗುಜರಿ ಮೌಲ್ಯ ಸೊನ್ನೆ ಎಂದಿದ್ದರೆ ಮೇಲಿನ ಸೂತ್ರ ಶೇ 100 ದರ ಹೇಳುವುದೂ ಅದಕ್ಕೇ.

ವಿಧಾನ ನಡುವೆ ಬದಲಾದರೆ

ಇದೇ ಯಂತ್ರಕ್ಕೆ ಡಬ್ಲ್ಯುಡಿವಿ ಹಾಕುತ್ತಿದ್ದವರು 2023ರ ಏಪ್ರಿಲ್ 1ರಿಂದ ಸ್ಟ್ರೈಟ್ ಲೈನ್‌ಗೆ ಬದಲಾದರು ಎನ್ನಿ. ಹಳೆಯ ಗೈಡ್‌ಗಳಲ್ಲಿ ಕೊಂಡ ದಿನದಿಂದ ಹೊಸದಾಗಿ ಲೆಕ್ಕ ಹಾಕಿ, ವ್ಯತ್ಯಾಸವನ್ನು ಲಾಭ-ನಷ್ಟ ಖಾತೆಗೆ ಒಯ್ಯುವ ಕ್ರಮ ಇರುತ್ತದೆ. ಅದು ಲೆಕ್ಕಪತ್ರ ಮಾನದಂಡ ಎಎಸ್ 6 ಇದ್ದ ಕಾಲದ್ದು. 2016ರಲ್ಲಿ ಪರಿಷ್ಕೃತವಾದ ಎಎಸ್ 10 ಪ್ರಕಾರ ವಿಧಾನದ ಬದಲಾವಣೆ ಅಂದಾಜಿನ ಬದಲಾವಣೆಯಷ್ಟೇ, ಹಿಂದಿನದನ್ನು ಕೆದಕುವಂತಿಲ್ಲ. ಆ ದಿನದ ಶಿಲ್ಕು ₹3,40,000ದಿಂದ ₹50,000 ಕಳೆದು, ಉಳಿದ 8 ವರ್ಷ 3 ತಿಂಗಳಿಗೆ ಹಂಚಬೇಕು. ವರ್ಷಕ್ಕೆ ಸುಮಾರು ₹35,152.

ಆದಾಯ ತೆರಿಗೆಯ ಸವಕಳಿಯನ್ನು ಪ್ರಶ್ನೆ ಕೇಳದ ಹೊರತು ಇದರೊಳಗೆ ಎಳೆದು ತರಬೇಡಿ. ಈ ವರ್ಷಗಳಿಗೆ ಅನ್ವಯಿಸುವ 1961ರ ಕಾಯ್ದೆಯಲ್ಲಿ ತಿಂಗಳ ಲೆಕ್ಕವೇ ಇಲ್ಲ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ, ಇಲ್ಲವಾದರೆ ಪೂರ್ತಿ. ಜುಲೈ 1ರಿಂದ ಮಾರ್ಚ್ 31ಕ್ಕೆ 274 ದಿನ ಆಗುವುದರಿಂದ ನಮ್ಮ ಯಂತ್ರಕ್ಕೆ ಅಲ್ಲಿ ಇಡೀ ವರ್ಷದ ಸವಕಳಿ ಸಿಗುತ್ತದೆ. ಮಾರಿದ ಹಣವನ್ನೂ ಒಂದೊಂದು ಯಂತ್ರದ ಶಿಲ್ಕಿನೊಂದಿಗೆ ಹೋಲಿಸದೆ, ಒಂದೇ ದರದ ಆಸ್ತಿಗಳ ಇಡೀ ಬ್ಲಾಕ್‌ನಿಂದ ಕಳೆಯುತ್ತಾರೆ.