ಮೊದಲ ಮೂರು ಸೆಕೆಂಡು ಮಾತ್ರ ಬದಲಿಸಿ

ಒಮ್ಮೆ ಹಳೆಯ ವಿಡಿಯೊ ಜಾಹೀರಾತಿನ ಪಕ್ಕದಲ್ಲಿ ಹೊಸದೊಂದನ್ನು ಬಿಟ್ಟೆ. ಹೊಸದೇ ಗೆದ್ದಿತು. ಆದರೆ ಅದರಲ್ಲಿ ಆರಂಭ, ಸಂಗೀತ, ಶೀರ್ಷಿಕೆ ಎಲ್ಲವೂ ಬೇರೆ. ಗೆಲ್ಲಿಸಿದ್ದು ಯಾವುದೆಂದು ಇಂದಿಗೂ ನನಗೆ ಗೊತ್ತಿಲ್ಲ. ಅಂದಿನಿಂದ ಪರೀಕ್ಷೆಯನ್ನು ಹೀಗೆ ಕಟ್ಟುತ್ತೇನೆ.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ, ವ್ಯಾಯಾಮ ಕಲಿಸುವ ಆ್ಯಪ್‌ನ 20 ಸೆಕೆಂಡಿನ ವಿಡಿಯೊ ತರಬೇತುದಾರರ ಮುಖದಿಂದ ಶುರುವಾಗಬೇಕೋ, ಆ್ಯಪ್‌ನ ಪರದೆಯಿಂದಲೋ? ತೀರ್ಪು ಕೊಡುವ ಅಂಕಿಯನ್ನೂ ಆಗಲೇ ಗೊತ್ತುಮಾಡಿ: ಒಂದು ನೋಂದಣಿಗೆ ತಗಲುವ ಖರ್ಚು. ಫಲಿತಾಂಶ ಕಂಡ ಮೇಲೆ ಅಂಕಿ ಆರಿಸಿದರೆ ಇಷ್ಟಪಟ್ಟ ಜಾಹೀರಾತೇ ಗೆಲ್ಲುತ್ತದೆ.

ಈಗ ವಿಡಿಯೊ. ಸಂಕಲನದ ಒಂದೇ ಕಡತದಲ್ಲಿ ಮೊದಲ 3 ಸೆಕೆಂಡು ಮಾತ್ರ ಬದಲಿಸಿ ಎರಡು ಪ್ರತಿ ತೆಗೆಯಿರಿ. ಎಡವುವುದು ಇಲ್ಲೇ. ತರಬೇತುದಾರರು ಮಾತನಾಡುತ್ತಾರೆ, ಪರದೆ ಮಾತನಾಡುವುದಿಲ್ಲ. ಹಾಗಾಗಿ ಚಿತ್ರದ ಜೊತೆ ದನಿಯೂ ಬದಲಾಗಿಬಿಡುತ್ತದೆ. ಒಂದೇ ಧ್ವನಿಮುದ್ರಣವನ್ನು ಎರಡರ ಕೆಳಗೂ ಇಡಿ, ಅಡಿಬರಹವೂ ಅದೇ ಇರಲಿ. ಕಡತಗಳಿಗೆ `aarambha-mukha` ಮತ್ತು `aarambha-parade` ಎಂದು ಹೆಸರಿಟ್ಟರೆ ಬದಲಾದದ್ದೇನೆಂದು ವರದಿಯಲ್ಲೇ ಕಾಣುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದಲ್ಲಿ ಬಿಡುವಾಗ ಎರಡನ್ನೂ ಒಂದೇ ಆ್ಯಡ್ ಸೆಟ್‌ಗೆ, ಅಂದರೆ ಬಜೆಟ್ ಮತ್ತು ನೋಡುಗರನ್ನು ಹಂಚಿಕೊಳ್ಳುವ ಒಂದೇ ಗುಂಪಿಗೆ, ಹಾಕಬೇಡಿ. ಮೆಟಾ ವ್ಯವಸ್ಥೆ ಮೊದಲ ಕೆಲವು ಪ್ರತಿಕ್ರಿಯೆಗಳನ್ನೇ ನಂಬಿ ಒಂದರ ಕಡೆಗೆ ಹಣ ಹರಿಸುತ್ತದೆ, ಇನ್ನೊಂದು ಹಸಿದು ಕೂರುತ್ತದೆ. ಅಲ್ಲಿಯೇ ಇರುವ ಎ/ಬಿ ಪರೀಕ್ಷೆ ಬಳಸಿದರೆ ಒಬ್ಬರಿಗೆ ಒಂದೇ ರೂಪ ಕಾಣುವಂತೆ ನೋಡುಗರು ಎರಡಾಗಿ ಹಂಚಿಹೋಗುತ್ತಾರೆ. ಎರಡಕ್ಕೂ ಸಮ ಬಜೆಟ್ ಕೊಡಿ. ಚಿತ್ರ, ಪಠ್ಯಗಳನ್ನು ತಾನಾಗಿ ತಿದ್ದುವ ಸೌಲಭ್ಯಗಳನ್ನು ಬಂದ್ ಮಾಡಿ. ಇಲ್ಲದಿದ್ದರೆ ನೀವು ಬದಲಿಸದ್ದನ್ನು ಅದು ಬದಲಿಸುತ್ತದೆ. ಲೈಕು, ಕಾಮೆಂಟು ತುಂಬಿದ ಹಳೆಯ ಪೋಸ್ಟನ್ನು ಎರಡರಲ್ಲಿ ಒಂದಾಗಿ ಬಳಸುವುದೂ ಮೋಸವೇ. ಎರಡೂ ಹೊಸ ಪೋಸ್ಟ್ ಆಗಿರಲಿ.

ಕನಿಷ್ಠ ಒಂದು ಪೂರ್ತಿ ವಾರ ಕೈ ಹಚ್ಚದೆ ಬಿಡಿ. ನಡುವೆ ದೊಡ್ಡ ತಿದ್ದುಪಡಿ ಮಾಡಿದರೆ ಯಾರಿಗೆ ತೋರಿಸಬೇಕೆಂದು ವ್ಯವಸ್ಥೆ ಕಲಿಯುವ ಹಂತ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಖರ್ಚು ಸಮವಾಗಿದ್ದು ಮುಖಕ್ಕೆ 50, ಪರದೆಗೆ 60 ನೋಂದಣಿ ಬಂದವು ಎನ್ನಿ. ಪರದೆ ಗೆದ್ದಿತೇ? ಒಟ್ಟು 110ರ ವರ್ಗಮೂಲ ಸುಮಾರು 10.5, ಅದರ ಇಮ್ಮಡಿ 21. ನಂಬಬೇಕಾದರೆ ಅಂತರ ಈ ಮಿತಿಯನ್ನು ದಾಟಬೇಕು. ಇಲ್ಲಿ ಅಂತರ 10 ಮಾತ್ರ, ಅಷ್ಟು ಆಕಸ್ಮಿಕವಾಗಿಯೂ ಬರಬಹುದು. 50ಕ್ಕೆ ಎದುರಾಗಿ 80 ಬಂದಿದ್ದರೆ ಮಿತಿ ಸುಮಾರು 23, ಅಂತರ 30, ಆಗ ನಂಬಬಹುದು. ಇದು ಒರಟು ಲೆಕ್ಕ, ಆದರೆ ಆತುರದ ತೀರ್ಪನ್ನು ತಡೆಯಲು ಸಾಕು.

ಒಂದು ಮಿತಿ ಉಳಿದೇ ಇರುತ್ತದೆ. ಹಂಚಿದ ಪ್ರತಿ ಗುಂಪಿನೊಳಗೂ ಯಾರಿಗೆ ತೋರಿಸಬೇಕೆಂದು ಆರಿಸುವುದು ವ್ಯವಸ್ಥೆಯೇ, ಅದೂ ಜಾಹೀರಾತನ್ನು ನೋಡಿಕೊಂಡು. ಹಾಗಾಗಿ ಪರದೆ ಗೆದ್ದರೂ ಅದು ಈ ವೇದಿಕೆಯಲ್ಲಿನ ಗೆಲುವು. ಬೇರೆ ವೇದಿಕೆಗೆ ಹೋದರೆ ಇದೇ ಎರಡು ಕಡತಗಳನ್ನು ಮತ್ತೆ ಎದುರುಬದುರು ನಿಲ್ಲಿಸಬೇಕು.