ಪಂದ್ಯದಲ್ಲಿ ಆಟಗಾರರಿಗೆ ಅಂಕ ಕೊಡುವ ಹಾಳೆ: ತಯಾರಿಸುವುದು ಹೇಗೆ?

ಕೋನ್‌ಗಳ ನಡುವೆ ಚೆಂಡು ಸಾಗಿಸುವುದು, ಗೋಡೆಗೆ ಒದ್ದು ಹಿಡಿಯುವುದು, ಇಂತಹ ಪರೀಕ್ಷೆಗಳಲ್ಲಿ ಪೂರ್ಣ ಅಂಕ ಪಡೆದವರು ಪಂದ್ಯದಲ್ಲಿ ಎದುರಾಳಿಯ ಕಾವಲಿನಲ್ಲಿರುವ ಸಹ ಆಟಗಾರನಿಗೇ ಚೆಂಡು ಕೊಡುವುದನ್ನು ತರಬೇತುದಾರರೆಲ್ಲ ಕಂಡಿರುತ್ತಾರೆ. ಆಟವನ್ನು ಅಳೆಯಬೇಕಾದರೆ ಆಟ ನಡೆಯುವಾಗಲೇ ಅಳೆಯಬೇಕು. ಈ ಉದ್ದೇಶಕ್ಕಾಗಿ ಆಸ್ಲಿನ್, ಮಿಚೆಲ್ ಮತ್ತು ಗ್ರಿಫಿನ್ ಎಂಬ ದೈಹಿಕ ಶಿಕ್ಷಣ ತಜ್ಞರು 1998ರಲ್ಲಿ ಪ್ರಕಟಿಸಿದ ಮಾಪನ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಏಳು ಅಂಶಗಳಿವೆ. ತಂಡದ ಆಟಕ್ಕೆ ಹಾಳೆ ಮಾಡುವವರು ಮೂರರಿಂದ ಆರಂಭಿಸಿದರೆ ಸಾಕು: ನಿರ್ಧಾರ, ಕೌಶಲ, ಮತ್ತು ಚೆಂಡಿಲ್ಲದಾಗ ಸಹ ಆಟಗಾರನಿಗೆ ಕೊಡುವ ಬೆಂಬಲ. ಏಳನ್ನೂ ಒಟ್ಟಿಗೆ ಗುರುತಿಸಲು ಹೊರಟವರ ಹಾಳೆ ಅರ್ಧದಲ್ಲೇ ಖಾಲಿ ಉಳಿಯುವುದನ್ನು ನೋಡಿದ್ದೇನೆ.

ಮೊದಲು ಆಟವನ್ನು ಚಿಕ್ಕದಾಗಿಸಿ

ಫುಟ್‌ಬಾಲನ್ನೇ ತೆಗೆದುಕೊಳ್ಳೋಣ. ಹನ್ನೊಂದು ಜನರ ಪಂದ್ಯದಲ್ಲಿ ಕೆಲವರಿಗೆ ಹತ್ತು ನಿಮಿಷಕ್ಕೆ ಒಮ್ಮೆ ಚೆಂಡು ಸಿಕ್ಕರೆ ಹೆಚ್ಚು. ಅಷ್ಟರಿಂದ ಯಾರ ಬಗ್ಗೆಯೂ ಏನನ್ನೂ ಹೇಳಲಾಗದು. ಚಿಕ್ಕ ಅಂಗಣದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು ಆಡಿಸಿ, ಎತ್ತರದ ಜಾಗದಿಂದ ಇಡೀ ಅಂಗಣ ಕಾಣುವಂತೆ ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಕ್ಯಾಮೆರಾ ಚೆಂಡಿನ ಹಿಂದೆ ಓಡಬಾರದು, ಓಡಿದರೆ ಚೆಂಡಿಲ್ಲದವರು ಚೌಕಟ್ಟಿನಿಂದ ಹೊರಗೆ ಉಳಿಯುತ್ತಾರೆ. ಹಾಳೆಯಲ್ಲಿ ಸಮಯಕ್ಕೆ ಒಂದು ಅಂಕಣ, ಮೂರು ಅಂಶಗಳಿಗೆ ಸರಿ–ತಪ್ಪು ಎಂಬ ಜೋಡಿ ಅಂಕಣಗಳು, ಇಷ್ಟೇ ಸಾಕು.

ಒಂದರಿಂದ ಐದರವರೆಗೆ ನಕ್ಷತ್ರ ಕೊಡಿಸುವ ಸಿದ್ಧ ಆ್ಯಪ್‌ಗಳನ್ನು ದೂರವಿಡಿ. ಪಂದ್ಯದ ಕೊನೆಯಲ್ಲಿ ಕೊಡುವ ನಕ್ಷತ್ರ ನೋಡುಗರ ಒಟ್ಟಾರೆ ಅಭಿಪ್ರಾಯವನ್ನು ಹೇಳುತ್ತದೆ. ಯಾವ ಕ್ಷಣದಲ್ಲಿ ಏನಾಯಿತು ಎಂಬುದು ಅದರಲ್ಲಿ ಉಳಿಯುವುದಿಲ್ಲ.

ಕೆಡುವುದು ಇಲ್ಲಿಯೇ: ಮಾನದಂಡ ಬರೆಯುವುದು

‘ಒಳ್ಳೆಯ ಪಾಸ್’ ಎಂದು ಬರೆದರೆ ಅದು ಮಾನದಂಡವಲ್ಲ. ಪಾಸ್‌ನಲ್ಲಿ ಎರಡು ಸಂಗತಿಗಳಿವೆ. ಯಾರಿಗೆ ಕೊಡಬೇಕೆಂದು ಆರಿಸುವುದು ನಿರ್ಧಾರ, ಚೆಂಡನ್ನು ಅಲ್ಲಿಗೆ ತಲುಪಿಸುವುದು ಕೌಶಲ. ಇವೆರಡನ್ನು ಬೇರ್ಪಡಿಸಿ, ಕಣ್ಣಿಗೆ ಕಾಣುವ ಮಾತುಗಳಲ್ಲಿ ಬರೆಯಿರಿ. ನಿರ್ಧಾರ: ‘ಎದುರಾಳಿಯ ಕಾವಲಿಲ್ಲದ, ನಡುವೆ ಯಾರೂ ಅಡ್ಡವಿಲ್ಲದ ಸಹ ಆಟಗಾರನನ್ನು ಆರಿಸಿಕೊಂಡಿದ್ದಾನೆ.’ ಕೌಶಲ: ‘ಚೆಂಡು ಗುರಿಯಿಟ್ಟ ಆಟಗಾರನ ಒಂದು ಹೆಜ್ಜೆಯ ಅಳತೆಯಲ್ಲಿ, ಹಿಡಿತಕ್ಕೆ ಸಿಗುವ ವೇಗದಲ್ಲಿ ಬಂದಿದೆ.’

ಹೀಗೆ ಬರೆದಿಟ್ಟರೂ ಫಲಿತಾಂಶ ಮನಸ್ಸನ್ನು ಎಳೆಯುತ್ತದೆ. ಮೂವರು ರಕ್ಷಕರ ಎದುರು ದೂರದಿಂದ ಒದ್ದ ಚೆಂಡು ಗೋಲಾದರೆ ಕೈ ತಾನಾಗಿ ‘ಸರಿ’ ಅಂಕಣದತ್ತ ಹೋಗುತ್ತದೆ. ಪಕ್ಕದಲ್ಲಿ ಸಹ ಆಟಗಾರ ಕಾವಲಿಲ್ಲದೆ ನಿಂತಿದ್ದರೆ ಅಲ್ಲಿ ನಿರ್ಧಾರ ತಪ್ಪು, ಕೌಶಲ ಸರಿ. ತೆರೆದ ಜಾಗದಲ್ಲಿದ್ದವನಿಗೆ ಕೊಡಲು ಹೋಗಿ ಚೆಂಡು ಹೊರಗೆ ಹೋದರೆ ನಿರ್ಧಾರ ಸರಿ, ಕೌಶಲ ತಪ್ಪು. ಇದಕ್ಕೆ ನಾನು ಒಪ್ಪುವ ಉಪಾಯ ಒಂದೇ: ಚೆಂಡು ಕಾಲನ್ನು ಬಿಡುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ, ನಿರ್ಧಾರದ ಗುರುತು ಹಾಕಿ, ಆಮೇಲೆ ಮುಂದೆ ಓಡಿಸಿ ಕೌಶಲದ ಗುರುತು ಹಾಕಿ. ವಿಡಿಯೊ ಇಲ್ಲದಿದ್ದರೆ ಇಬ್ಬರು ಕೂತು ಒಬ್ಬರು ನಿರ್ಧಾರವನ್ನು, ಇನ್ನೊಬ್ಬರು ಕೌಶಲವನ್ನು ನೋಡಿಕೊಳ್ಳಲಿ.

ಬೆಂಬಲದ ಅಂಕ ಇನ್ನೂ ಕಷ್ಟ. ಪಾಸ್ ಆದಾಗ ಎಣಿಸಲು ಒಂದು ಘಟನೆಯಿದೆ. ಚೆಂಡಿಲ್ಲದವನು ಸುಮ್ಮನೆ ನಿಂತರೆ ಏನನ್ನು ಎಣಿಸುವುದು? ಬಹುತೇಕ ಹಾಳೆಗಳಲ್ಲಿ ಓಡಿದವನಿಗೆ ‘ಸರಿ’ ಬೀಳುತ್ತದೆ, ನಿಂತವನ ಸಾಲು ಖಾಲಿ ಉಳಿಯುತ್ತದೆ. ಆಗ ತಪ್ಪುಗಳೇ ದಾಖಲಾಗುವುದಿಲ್ಲ. ಆದ್ದರಿಂದ ಅವಕಾಶವನ್ನೇ ಎಣಿಸಿ. ಸಹ ಆಟಗಾರನೊಬ್ಬ ಚೆಂಡನ್ನು ಹಿಡಿತಕ್ಕೆ ತಂದುಕೊಂಡ ಪ್ರತಿ ಸಲವೂ ಒಂದು ಅವಕಾಶ, ಅದಕ್ಕೆ ಒಂದು ಗುರುತು ಕಡ್ಡಾಯ. ಅವನು ಚೆಂಡನ್ನು ಬಿಡುವ ಹೊತ್ತಿಗೆ ನೀವು ಗಮನಿಸುತ್ತಿರುವ ಆಟಗಾರ ಪಾಸ್ ತಲುಪುವ ದೂರದಲ್ಲಿ, ನಡುವೆ ಎದುರಾಳಿ ಇಲ್ಲದ ಜಾಗದಲ್ಲಿದ್ದನೇ? ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಓಡಿದನೋ ನಿಂತನೋ ಮುಖ್ಯವಲ್ಲ. ಮೊದಲೇ ತೆರೆದ ಜಾಗದಲ್ಲಿದ್ದು ಅಲ್ಲೇ ನಿಂತವನಿಗೆ ಸರಿ. ಚೆಂಡಿನತ್ತ ಓಡಿ ಬಂದು ಗುಂಪಿನೊಳಗೆ ಸೇರಿಕೊಂಡವನಿಗೆ, ಎಷ್ಟೇ ಬೆವರಿದ್ದರೂ, ತಪ್ಪು.

ಇದನ್ನು ನಾಲ್ವರಿಗೂ ಒಟ್ಟಿಗೆ ಮಾಡಲಾಗದು. ಒಂದು ಸಲಕ್ಕೆ ಒಬ್ಬರನ್ನೇ ಗಮನಿಸಿ, ಅದೇ ವಿಡಿಯೊವನ್ನು ಮುಂದಿನವರಿಗಾಗಿ ಮತ್ತೆ ನೋಡಿ.

ಲೆಕ್ಕ: ಭಾಗಲಬ್ಧ ಬೇಡ, ಶೇಕಡಾವಾರು ಇರಲಿ

ಮೂಲ ಮಾಪನದಲ್ಲಿ ಸರಿಯಾದವುಗಳ ಸಂಖ್ಯೆಯನ್ನು ತಪ್ಪಾದವುಗಳ ಸಂಖ್ಯೆಯಿಂದ ಭಾಗಿಸಿ, ಮೂರು ಭಾಗಲಬ್ಧಗಳ ಸರಾಸರಿಯನ್ನು ಒಟ್ಟು ಅಂಕವೆಂದು ತೆಗೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಯಾಕೆಂದು ಇಬ್ಬರು ಆಟಗಾರ್ತಿಯರ ಲೆಕ್ಕದಲ್ಲಿ ನೋಡೋಣ.

ಮೊದಲನೆಯವಳ ನಿರ್ಧಾರದಲ್ಲಿ 9 ಸರಿ, 1 ತಪ್ಪು. ಕೌಶಲದಲ್ಲಿ 5 ಸರಿ, 5 ತಪ್ಪು. ಬೆಂಬಲದಲ್ಲಿ 2 ಸರಿ, 8 ತಪ್ಪು. ಎರಡನೆಯವಳಿಗೆ ಮೂರರಲ್ಲೂ 7 ಸರಿ, 3 ತಪ್ಪು. ಭಾಗಿಸಿದರೆ ಮೊದಲನೆಯವಳಿಗೆ 9, 1 ಮತ್ತು 0.25 ಬರುತ್ತದೆ, ಸರಾಸರಿ ಸುಮಾರು 3.4. ಎರಡನೆಯವಳ ಸರಾಸರಿ ಸುಮಾರು 2.3. ಚೆಂಡಿಲ್ಲದಾಗ ಹತ್ತರಲ್ಲಿ ಎಂಟು ಸಲ ತಂಡಕ್ಕೆ ಒದಗದವಳು ಮೇಲೆ ನಿಂತಳು! ಒಟ್ಟು ಘಟನೆಗಳಲ್ಲಿ ಸರಿಯಾದವು ಶೇಕಡಾ ಎಷ್ಟು ಎಂದು ನೋಡಿದರೆ ಮೊದಲನೆಯವಳಿಗೆ 90, 50, 20, ಅಂದರೆ ಸರಾಸರಿ ಸುಮಾರು 53. ಎರಡನೆಯವಳಿಗೆ 70. ಸ್ಥಾನ ಅದಲುಬದಲಾಯಿತು. ಒಂದು ಅಂಶದಲ್ಲಿ ತಪ್ಪು ತೀರಾ ಕಡಿಮೆಯಾದಾಗ ಭಾಗಲಬ್ಧ ವಿಪರೀತ ಬೆಳೆದು ಉಳಿದೆರಡನ್ನು ಮುಚ್ಚಿಬಿಡುತ್ತದೆ. ತಪ್ಪು ಸೊನ್ನೆಯಾದರಂತೂ ಭಾಗಿಸುವುದೇ ಸಾಧ್ಯವಿಲ್ಲ.

ಶೇಕಡಾವಾರಿನ ಪಕ್ಕದಲ್ಲಿ ಘಟನೆಗಳ ಸಂಖ್ಯೆಯನ್ನೂ ಬರೆಯಿರಿ. ಎರಡೇ ಪಾಸ್ ಕೊಟ್ಟು ಎರಡೂ ಸರಿಯಾದರೆ ಅದೂ ಶೇಕಡಾ 100. ಯಾವುದೇ ಅಂಶದಲ್ಲಿ ಹತ್ತಕ್ಕಿಂತ ಕಡಿಮೆ ಘಟನೆಗಳಿದ್ದರೆ ನಾನು ಶೇಕಡಾವಾರು ಬರೆಯುವುದಿಲ್ಲ, ಇನ್ನೊಂದು ಆಟ ಆಡಿಸುತ್ತೇನೆ. ಮೂರನ್ನು ಕೂಡಿಸಿದ ಸರಾಸರಿಯ ಜೊತೆ ಮೂರು ಅಂಕಗಳನ್ನೂ ಬಿಡಿಬಿಡಿಯಾಗಿ ಕೊಡಿ. ‘53’ ಎಂಬುದರಿಂದ ಆಟಗಾರ್ತಿಗೆ ಏನೂ ತಿಳಿಯದು, ‘ಬೆಂಬಲ 20’ ಎಂಬುದರಿಂದ ನಾಳೆಯ ಅಭ್ಯಾಸ ಯಾವುದೆಂದು ತಿಳಿಯುತ್ತದೆ.

ಹಾಳೆಯನ್ನೇ ಪರೀಕ್ಷಿಸಿ

ಇಬ್ಬರು ಪರಸ್ಪರ ಮಾತಾಡದೆ ಒಂದೇ ವಿಡಿಯೊಗೆ, ಒಬ್ಬನೇ ಆಟಗಾರನಿಗೆ ಗುರುತು ಹಾಕಲಿ. ಬಳಿಕ ಹೋಲಿಸಿ. ಬಹಳ ಜನ ಇಲ್ಲಿ ಮೊತ್ತವನ್ನಷ್ಟೇ ಹೋಲಿಸಿ ತೃಪ್ತರಾಗುತ್ತಾರೆ. ಇಬ್ಬರೂ 9 ಸರಿ, 3 ತಪ್ಪು ಎಂದು ಬರೆದಿದ್ದರೂ ತಪ್ಪೆಂದ ಮೂರು ಪಾಸ್‌ಗಳು ಬೇರೆಬೇರೆಯಾಗಿರಬಹುದು. ಸಮಯದ ಅಂಕಣ ಇರುವುದು ಇದಕ್ಕಾಗಿಯೇ: ಘಟನೆಗೆ ಘಟನೆಯನ್ನು ಎದುರಿಟ್ಟು ನೋಡಿ. 40 ಘಟನೆಗಳಲ್ಲಿ 33ಕ್ಕೆ ಒಂದೇ ಗುರುತು ಬಿದ್ದಿದ್ದರೆ ಹೊಂದಿಕೆ ಶೇಕಡಾ 82.5. ಸಾಮಾನ್ಯವಾಗಿ 80 ದಾಟಿದರೆ ಒಪ್ಪುತ್ತಾರೆ. ಆದರೆ ಮೂರು ಅಂಶಗಳಿಗೂ ಪ್ರತ್ಯೇಕವಾಗಿ ದಾಟಬೇಕು. ಕೌಶಲದ ಹೊಂದಿಕೆ ಬೆಂಬಲದ ಕೊರತೆಯನ್ನು ಸುಲಭವಾಗಿ ಮರೆಮಾಡುತ್ತದೆ.

ಕಡಿಮೆ ಬಂದರೆ ಯಾರ ಗುರುತು ಸರಿ ಎಂದು ವಾದಿಸುತ್ತಾ ಕೂರಬೇಡಿ. ಗುರುತುಗಳು ಬೇರೆಯಾದ ಕ್ಷಣಗಳನ್ನು ಮತ್ತೆ ನೋಡಿ, ಮಾನದಂಡದ ವಾಕ್ಯ ಎಲ್ಲಿ ಸಡಿಲವಾಗಿದೆ ಎಂದು ಹುಡುಕಿ. ‘ಪಾಸ್ ತಲುಪುವ ದೂರ’ ಒಬ್ಬರಿಗೆ ಹತ್ತು ಹೆಜ್ಜೆ, ಇನ್ನೊಬ್ಬರಿಗೆ ಇಪ್ಪತ್ತು ಆಗಿದ್ದರೆ ಆ ಸಂಖ್ಯೆಯನ್ನೇ ವಾಕ್ಯದೊಳಗೆ ಸೇರಿಸಿ. ತಿದ್ದಿದ ವಾಕ್ಯವನ್ನು ಅದೇ ವಿಡಿಯೊದ ಮೇಲೆ ಪರೀಕ್ಷಿಸಬೇಡಿ, ಹಳೆಯ ಗುರುತುಗಳು ನೆನಪಿನಲ್ಲಿರುತ್ತವೆ. ಬೇರೆ ಪಂದ್ಯದ ವಿಡಿಯೊ ತೆಗೆದುಕೊಳ್ಳಿ. ಆಟಗಾರರ ಸಂಖ್ಯೆ ಅಥವಾ ಅಂಗಣದ ಅಳತೆ ಬದಲಾದರೆ ಈ ಪರೀಕ್ಷೆಯನ್ನು ಮತ್ತೆ ಮಾಡಿ, ಹೊಸ ಅಂಕಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ಹೋಲಿಸಬೇಡಿ.