ಬಾಟಲಿಯಲ್ಲಿ ಅರ್ಧಕ್ಕರ್ಧ, ಎಂಜಿನ್‌ನಲ್ಲಿ ಎಷ್ಟು? ಬೈಕಿನ ಕೂಲೆಂಟ್ ಬದಲಿಸಿದ ನನ್ನ ಅನುಭವ

ಲಿಕ್ವಿಡ್ ಕೂಲ್ಡ್ ಬೈಕಿಗೆ ಕೂಲೆಂಟ್ ಮತ್ತು ನೀರು ಅರ್ಧಕ್ಕರ್ಧ ಇರಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅರ್ಧಕ್ಕರ್ಧ ಬೆರೆಸಿಟ್ಟ ಪ್ರೀಮಿಕ್ಸ್ ಬಾಟಲಿಯನ್ನೇ ತಂದು ಸುರಿದರೂ ಎಂಜಿನ್ನಿನೊಳಗೆ ಆ ಪ್ರಮಾಣ ಉಳಿಯುವುದಿಲ್ಲ ಎಂದು ನಾನು ಹೇಳಿದಾಗ ಮಾತ್ರ ಯಾರೂ ಒಪ್ಪಲಿಲ್ಲ. ಅದಕ್ಕೆ ಪರಿಹಾರವಾಗಿ ನೀರು ಬೆರೆಸದ ಕಾನ್ಸಂಟ್ರೇಟನ್ನೇ ಮೊದಲು ಹಾಕುತ್ತೇನೆ ಎಂದಾಗಲಂತೂ, ಎಂಜಿನ್ ಬಿಸಿಯಾಗಿ ಕೆಡುತ್ತದೆ, ಸೀಲ್ ಹೋಗುತ್ತದೆ ಎಂದು ಅನುಭವವಿದ್ದವರೇ ಎಚ್ಚರಿಸಿದರು. ಈಗ ಆ ಕ್ರಮ ನನ್ನ ಬೈಕಿನಲ್ಲೂ ಗೆಳೆಯರ ಒಂದೆರಡು ಬೈಕುಗಳಲ್ಲೂ ಸರಿಯಾಗಿ ನಡೆದಿರುವುದರಿಂದ, ಮಾಡಿದ ರೀತಿಯನ್ನು ಬರೆದಿಡುತ್ತಿದ್ದೇನೆ. ಅಳತೆಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ. ನಿಮ್ಮ ಬೈಕಿನ ನಿಖರವಾದ ಅಳತೆ ಅದರ ಕೈಪಿಡಿಯಲ್ಲಿರುತ್ತದೆ.

ನನ್ನ ಬೈಕಿನ ಎಂಜಿನ್ ಮತ್ತು ರೇಡಿಯೇಟರ್ ಸೇರಿ ಹೆಚ್ಚುಕಡಿಮೆ 1.2 ಲೀಟರ್ ಹಿಡಿಯುತ್ತವೆ. ರಿಸರ್ವಾಯರ್ ಟ್ಯಾಂಕಿನದು ಬೇರೆ ಲೆಕ್ಕ. ವಾಟರ್ ಪಂಪಿನ ಡ್ರೈನ್ ಬೋಲ್ಟ್ ಬಿಚ್ಚಿ, ಬೈಕನ್ನು ಎರಡೂ ಬದಿಗೆ ವಾಲಿಸಿ, ತಾಳ್ಮೆಯಿಂದ ಸುರಿಸಿದರೂ ಹೊರಗೆ ಬರುವುದು 900 ಮಿಲಿಲೀಟರಿನಷ್ಟು ಮಾತ್ರ. ಉಳಿದ 300 ಮಿಲಿಲೀಟರ್ ಸಿಲಿಂಡರಿನ ಸುತ್ತಲಿನ ಜಾಗದಲ್ಲೂ ಹೋಸ್‌ಗಳ ತಗ್ಗುಗಳಲ್ಲೂ ನಿಂತಿರುತ್ತದೆ. ಹಳೆಯ ಕೂಲೆಂಟ್ ತೆಗೆದು ನೀರು ತುಂಬಿಸಿ, ಎಂಜಿನ್ ಓಡಿಸಿ, ತಿಳಿ ನೀರು ಬರುವವರೆಗೆ ತೊಳೆದ ಮೇಲೆ, ಒಳಗೆ ನಿಂತಿರುವ ಆ 300 ಮಿಲಿಲೀಟರ್ ಪೂರ್ತಿ ನೀರೇ ಆಗಿರುತ್ತದೆ. ಅದರ ಮೇಲೆ 900 ಮಿಲಿಲೀಟರ್ ಪ್ರೀಮಿಕ್ಸ್ ಸುರಿದರೆ ಒಳಹೋಗುವ ಅಸಲು ಕೂಲೆಂಟ್ 450 ಮಿಲಿಲೀಟರ್. 1.2 ಲೀಟರಿನಲ್ಲಿ 450 ಎಂದರೆ ಶೇಕಡಾ 37ರ ಸಮೀಪ, ಐವತ್ತಂತೂ ಅಲ್ಲ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಎಂದವರಿಗೆ, ಒಂದು ಹನಿ ದ್ರವದಿಂದಲೇ ಮಿಶ್ರಣದ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರ್ ಉತ್ತರ ಕೊಟ್ಟಿತು. ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಇದ್ದರೆ ಮಾಪಕದಲ್ಲಿ ಹೆಪ್ಪುಗಟ್ಟುವ ಬಿಂದು ಮೈನಸ್ 36 ಅಥವಾ 37 ಡಿಗ್ರಿಯ ಆಸುಪಾಸಿನಲ್ಲಿ ಕಾಣಬೇಕು. ತೊಳೆದು ಪ್ರೀಮಿಕ್ಸ್ ಹಾಕಿದ ನನ್ನ ಬೈಕಿನಲ್ಲಿ ಕಂಡದ್ದು ಮೈನಸ್ 22ರ ಹತ್ತಿರ. ಅದನ್ನು ಸರಿಪಡಿಸಲು ಮತ್ತೆ ಸುರಿಸಿ ಮತ್ತೆ ಪ್ರೀಮಿಕ್ಸ್ ತುಂಬಿದೆ. ಪ್ರಮಾಣ ಮೇಲೇರಿತು, ಆದರೆ ಐವತ್ತನ್ನು ಮುಟ್ಟಲಿಲ್ಲ, ಏಕೆಂದರೆ ಪ್ರತಿ ಸಲವೂ ಕಾಲು ಭಾಗ ಹಳೆಯದು ಒಳಗೇ ಉಳಿಯುತ್ತದೆ. ಈ ಪ್ರಯೋಗಕ್ಕೆ ಚೆಲ್ಲಿದ ಕೂಲೆಂಟಿನ ಹಣವನ್ನು ಲೆಕ್ಕ ಹಾಕಿದರೆ ಇಂದಿಗೂ ಮನಸ್ಸಿಗೆ ಬೇಸರವಾಗುತ್ತದೆ. ತೊಳೆಯುವುದನ್ನೇ ಬಿಟ್ಟು ನೇರವಾಗಿ ಪ್ರೀಮಿಕ್ಸ್ ಹಾಕುವ ದಾರಿಯೂ ಇದೆ. ಒಳಗಿರುವುದು ಅದೇ ಬಗೆಯ ಕೂಲೆಂಟ್ ಎಂಬುದು ಖಚಿತವಾಗಿದ್ದು, ಅದು ತಿಳಿಯಾಗಿಯೂ ಇದ್ದರೆ ಆ ದಾರಿಯಲ್ಲಿ ತಪ್ಪೇನಿಲ್ಲ. ನನ್ನದು ಬೇರೆಯವರಿಂದ ಕೊಂಡ ಬೈಕು, ಬಂದ ದ್ರವವೂ ಕಂದು ತಿರುಗಿತ್ತು; ತೊಳೆಯದೆ ಬೇರೆ ಉಪಾಯವಿರಲಿಲ್ಲ.

ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲದ ಕಡೆ ಮೈನಸ್ 22 ಸಾಲದೇ ಎಂದು ಕೇಳುವವರಿದ್ದಾರೆ. ಚಳಿಯ ಲೆಕ್ಕಕ್ಕೆ ಸಾಕು. ಕುದಿಯುವ ಬಿಂದುವಿನಲ್ಲಿಯೂ ವ್ಯತ್ಯಾಸ ಕೆಲವೇ ಡಿಗ್ರಿಗಳದ್ದು; ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಅದನ್ನು 120ರ ಆಚೆಗೆ ಒಯ್ಯುವುದು ರೇಡಿಯೇಟರ್ ಕ್ಯಾಪಿನ ಒತ್ತಡ. ನಿಜವಾದ ಕಾರಣ ತುಕ್ಕು. ಅಲ್ಯುಮಿನಿಯಂ ಮತ್ತು ವಾಟರ್ ಪಂಪನ್ನು ಕಾಯುವ ರಾಸಾಯನಿಕಗಳು ಕಾನ್ಸಂಟ್ರೇಟಿನಲ್ಲಿಯೇ ಬೆರೆತಿರುತ್ತವೆ. ಗ್ಲೈಕಾಲ್ ಎಷ್ಟು ತೆಳುವಾಯಿತೋ ಅವೂ ಅಷ್ಟೇ ತೆಳುವಾಗುತ್ತವೆ. ಆದ್ದರಿಂದ ನನಗೆ ರಿಫ್ರಾಕ್ಟೋಮೀಟರ್ ಚಳಿಯನ್ನು ಅಳೆಯುವ ಸಾಧನವಲ್ಲ, ಈ ರಕ್ಷಣೆಯ ಪ್ರಮಾಣವನ್ನು ಪರೋಕ್ಷವಾಗಿ ತೋರಿಸುವ ಸಾಧನ. ಆದರೆ ರಾಸಾಯನಿಕಗಳು ಹಳತಾಗಿ ಸವೆದಿದ್ದರೆ ಅದನ್ನು ಈ ಮಾಪಕ ತೋರಿಸಲಾರದು. ಅದಕ್ಕೆ ಕೈಪಿಡಿ ಹೇಳಿದ ಅವಧಿಯೇ ಆಧಾರ.

ಇನ್ನು ನನ್ನ ಕ್ರಮ. ತೊಳೆಯುವ ಕೊನೆಯ ಸುತ್ತನ್ನು ಕಡ್ಡಾಯವಾಗಿ ಡಿಸ್ಟಿಲ್ಡ್ ವಾಟರಿನಲ್ಲಿಯೇ ಮಾಡುತ್ತೇನೆ, ಏಕೆಂದರೆ ಒಳಗೆ ಉಳಿಯುವುದು ಅದೇ ನೀರು, ಅದರಲ್ಲಿ ಲವಣಗಳಿರಬಾರದು. ಹೊರಬಂದ ನೀರನ್ನು ಅಳತೆಯ ಜಾಡಿಯಲ್ಲಿ ಹಿಡಿದು ಎಷ್ಟು ಬಂತೆಂದು ನೋಡುತ್ತೇನೆ. ಕೈಪಿಡಿಯಲ್ಲಿರುವ ಒಟ್ಟು ಅಳತೆಯ ಅರ್ಧದಷ್ಟು, ಅಂದರೆ 600 ಮಿಲಿಲೀಟರ್ ಕಾನ್ಸಂಟ್ರೇಟನ್ನು ಮೊದಲು ನಿಧಾನವಾಗಿ ಸುರಿಯುತ್ತೇನೆ. ಆಮೇಲೆ ಕುತ್ತಿಗೆಯವರೆಗೆ ಹಿಡಿಯುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿದರೆ ಅದು 300 ಮಿಲಿಲೀಟರಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಒಳಗಿದ್ದ 300 ನೀರೂ ಸೇರಿ ಲೆಕ್ಕ ಸರಿಹೋಗುತ್ತದೆ. ರಿಸರ್ವಾಯರ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬಹುದಾದ್ದರಿಂದ ಅದಕ್ಕೆ ಮಾತ್ರ ಮೊದಲೇ ಅರ್ಧಕ್ಕರ್ಧ ಬೆರೆಸಿದ್ದನ್ನೇ ಹಾಕುತ್ತೇನೆ.

ಸುರಿದ ತಕ್ಷಣ ಮಾಪಕದಲ್ಲಿ ನೋಡಿದರೆ ಮೇಲ್ಭಾಗದ ದ್ರವವಷ್ಟೇ ಸಿಗುತ್ತದೆ, ಓದು ಅರ್ಥವಿಲ್ಲದ್ದಾಗಿರುತ್ತದೆ. ನನ್ನನ್ನು ಸಂದೇಹಿಸಿದವರು ಹಿಡಿದುಕೊಂಡದ್ದು ಇದನ್ನೇ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ಎಂಬ ಕವಾಟ ತೆರೆಯುವವರೆಗೆ ಎಂಜಿನ್ ಕಡೆಯ ದ್ರವವೂ ರೇಡಿಯೇಟರಿನ ದ್ರವವೂ ಸರಿಯಾಗಿ ಬೆರೆಯುವುದೇ ಇಲ್ಲ. ಕ್ಯಾಪ್ ತೆಗೆದಿಟ್ಟೇ ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ, ಹೋಸ್‌ಗಳನ್ನು ಕೈಯಿಂದ ಹಿಚುಕಿ, ಗುಳ್ಳೆ ಬರುವುದು ನಿಂತು ಮಟ್ಟ ಇಳಿದಷ್ಟನ್ನು ತುಂಬಿ, ಕ್ಯಾಪ್ ಮುಚ್ಚಿ, ಫ್ಯಾನ್ ಒಂದೆರಡು ಸಲ ಓಡಿ ನಿಲ್ಲುವವರೆಗೆ ಬಿಸಿ ಮಾಡುತ್ತೇನೆ. ಗಾಳಿ ಬೇಗ ಹೊರಬರುವಂತೆ ಬೈಕನ್ನು ಯಾವ ಬದಿಗೆ ಎಷ್ಟು ವಾಲಿಸಬೇಕೆಂಬ ನನ್ನದೊಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪ್ರತಿ ಬೈಕಿನ ಹೋಸ್‌ಗಳ ದಾರಿ ನೋಡಿ ಅದನ್ನು ಅವರವರೇ ಕಂಡುಕೊಳ್ಳುವುದು ಒಳ್ಳೆಯದು. ರಾತ್ರಿಯಿಡೀ ಆರಿದ ಮೇಲೆ ಮರುದಿನ ಕ್ಯಾಪ್ ತೆಗೆದು ಒಂದು ಹನಿ ಮಾಪಕಕ್ಕೆ ಹಾಕಿದಾಗ ನೆರಳಿನ ಗೆರೆ ಮೈನಸ್ 36ರ ಮೇಲೆ ನಿಂತಿತು. ಎಚ್ಚರಿಸಿದವರಲ್ಲಿ ಒಬ್ಬರು ಮಾಪಕವನ್ನು ತಮ್ಮ ಕೈಯಲ್ಲೇ ಹಿಡಿದು ನೋಡಿ, ಈಗ ತಮ್ಮ ಬೈಕಿಗೂ ಹೀಗೆಯೇ ಮಾಡುತ್ತಿದ್ದಾರೆ.

ಅವರ ಹೆದರಿಕೆಗೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ನೀರಿಗಿಂತ ಗ್ಲೈಕಾಲ್ ಶಾಖವನ್ನು ಹೊರುವುದು ಕಡಿಮೆ, ದಪ್ಪವೂ ಹೆಚ್ಚು. ಆದ್ದರಿಂದ ಕಾನ್ಸಂಟ್ರೇಟನ್ನೇ ತುಂಬಿ ಓಡಿಸಿದರೆ ಎಂಜಿನ್ ಬಿಸಿಯಾಗುವುದು ನಿಜ. ಶೇಕಡಾ 60 ದಾಟಿಸುವುದರಲ್ಲಿ ಯಾವ ಲಾಭವೂ ಇಲ್ಲ. ಬಹುಮಟ್ಟಿಗೆ ಎಪ್ಪತ್ತರ ಮೇಲೆ ಹೋದರೆ ಹೆಪ್ಪುಗಟ್ಟುವ ಬಿಂದುವೂ ತಿರುಗಿ ಮೇಲೇರತೊಡಗುತ್ತದೆ. ನನ್ನ ಕ್ರಮದಲ್ಲಿ ಕಾನ್ಸಂಟ್ರೇಟ್ ಮೊದಲು ಹೋಗುತ್ತದೆಯೇ ಹೊರತು ಒಂಟಿಯಾಗಿ ಉಳಿಯುವುದಿಲ್ಲ.

ಹಣದ ಮಾತಿಗೆ ಬಂದರೆ, ಪ್ರೀಮಿಕ್ಸ್ ಬಾಟಲಿಯಲ್ಲಿ ಅರ್ಧ ಹಣ ನೀರಿಗೆ ಹೋಗುತ್ತದೆ. ಒಂದು ಲೀಟರ್ ಕಾನ್ಸಂಟ್ರೇಟಿನಲ್ಲಿ ನನ್ನ ಬೈಕಿಗೆ ಬೇಕಾದ 600 ಹೋಗಿ, ರಿಸರ್ವಾಯರ್ ತುಂಬಿ, ಮೇಲೆ ಸೇರಿಸಲು ಬೆರೆಸಿಡುವಷ್ಟೂ ಉಳಿಯುತ್ತದೆ. ಬಗೆಯನ್ನು ಆರಿಸುವಾಗ ನಾನು ಬಣ್ಣವನ್ನು ನೋಡುವುದಿಲ್ಲ. ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಹಾಕುವ ಬಣ್ಣವೇ ಹೊರತು ಎಲ್ಲರೂ ಪಾಲಿಸುವ ಗುರುತಲ್ಲ. ಕೈಪಿಡಿಯಲ್ಲಿ ಅಲ್ಯುಮಿನಿಯಂ ಎಂಜಿನ್ನಿಗೆ ತಕ್ಕ, ಸಿಲಿಕೇಟ್ ಇಲ್ಲದ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಎಂದಿತ್ತು. ಸಿಲಿಕೇಟಿನ ಕಣಗಳು ವಾಟರ್ ಪಂಪಿನ ಸೀಲನ್ನು ಸವೆಸಬಹುದೆಂಬುದು ಅದರ ಹಿಂದಿನ ಕಾರಣ. ಒಂದೇ ಬಣ್ಣದ ಎರಡು ಬೇರೆ ಬಗೆಯ ಕೂಲೆಂಟ್‌ಗಳನ್ನು ಗಾಜಿನ ಶೀಶೆಯಲ್ಲಿ ಬೆರೆಸಿ ಕಿಟಕಿಯ ಬಳಿ ಇಟ್ಟು ನೋಡಿದ್ದೆ. ಕೆಲವು ದಿನಗಳಲ್ಲಿ ತಳದಲ್ಲಿ ಬಿಳಿಯ ಮಡ್ಡಿ ಕೂತಿತು, ಅಲುಗಾಡಿಸಿದರೆ ಎಳೆಎಳೆಯಾಗಿ ಮೇಲೆದ್ದಿತು. ಪಕ್ಕದ ಶೀಶೆಗಳಲ್ಲಿ ಬೆರೆಸದೆ ಇಟ್ಟವೆರಡೂ ತಿಳಿಯಾಗಿಯೇ ಇದ್ದವು. ಆ ಮಡ್ಡಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುವುದನ್ನು ನಾನು ಬಯಸುವುದಿಲ್ಲ.

ಸರ್ವೀಸುಗಳ ನಡುವೆ ಮಟ್ಟ ನೋಡುವ ವಿಷಯದಲ್ಲಿ ಹೆಚ್ಚಿನವರು ರಿಸರ್ವಾಯರಿನ ಅಪ್ಪರ್ ಮತ್ತು ಲೋವರ್ ಗೆರೆಗಳನ್ನಷ್ಟೇ ನಂಬುತ್ತಾರೆ. ಸೈಡ್ ಸ್ಟ್ಯಾಂಡಿನಲ್ಲಿ ನಿಂತ ಬೈಕಿನಲ್ಲಿ ಆ ಗೆರೆಗಳಿಗೆ ಬೆಲೆಯಿಲ್ಲ. ಸಮತಟ್ಟಾದ ನೆಲದಲ್ಲಿ ನೇರವಾಗಿ ನಿಲ್ಲಿಸಿಯೇ ನೋಡಬೇಕು. ತಣ್ಣಗಿರುವಾಗಲೋ ಬಿಸಿಯಾಗಿರುವಾಗಲೋ ಎಂಬುದು ಒಂದೊಂದು ಕೈಪಿಡಿಯಲ್ಲಿ ಒಂದೊಂದು ಬಗೆ. ಅದನ್ನು ಪಾಲಿಸುವುದರ ಜೊತೆಗೆ ನಾನು ಎರಡನ್ನೂ ಹೋಲಿಸುತ್ತೇನೆ. ಬೆಳಗಿನ ತಣ್ಣನೆಯ ಮಟ್ಟಕ್ಕೆ ಟ್ಯಾಂಕಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿದ್ದೇನೆ. ಓಡಿಸಿ ಬಂದಾಗ ಮಟ್ಟ ಗೆರೆಗಿಂತ ಮೇಲೇರಿರಬೇಕು, ಮರುದಿನ ಬೆಳಿಗ್ಗೆ ಅದೇ ಗೆರೆಗೆ ಇಳಿದಿರಬೇಕು. ಕ್ಯಾಪಿನ ಒತ್ತಡದ ಕವಾಟ ಬಿಸಿ ದ್ರವವನ್ನು ಹೊರಬಿಡುತ್ತದೆ, ಅದರ ನಡುವಿನ ಚಿಕ್ಕ ಕವಾಟ ಆರುವಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಬಿಡುತ್ತದೆ. ಮಟ್ಟದ ಈ ಏರಿಳಿತ ಎರಡೂ ಕೆಲಸ ಮಾಡುತ್ತಿವೆ ಎಂಬುದಕ್ಕೆ ಸಾಕ್ಷಿ.

ಗೆಳೆಯರೊಬ್ಬರ ಬೈಕಿನಲ್ಲಿ ಮಟ್ಟ ಸದಾ ಅಪ್ಪರ್ ಗೆರೆಯ ಹತ್ತಿರವೇ ಇರುತ್ತಿತ್ತು, ಆದರೂ ಫ್ಯಾನ್ ಹಿಂದಿಗಿಂತ ಬೇಗ ಓಡತೊಡಗಿತ್ತು. ಕೂಲೆಂಟ್ ತುಂಬಿದೆಯಲ್ಲ ಎಂದು ಸೆನ್ಸರ್, ಥರ್ಮೋಸ್ಟಾಟ್ ಎಂದು ಹಣ ಖರ್ಚಾಗಿತ್ತು. ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿದರೆ ಕುತ್ತಿಗೆಯಲ್ಲಿ ದ್ರವವೇ ಕಾಣಲಿಲ್ಲ. ತುಂಬಲು 200 ಮಿಲಿಲೀಟರಿನಷ್ಟು ಬೇಕಾಯಿತು. ಕ್ಯಾಪಿನ ಕುತ್ತಿಗೆಯಿಂದ ರಿಸರ್ವಾಯರಿಗೆ ಹೋಗುವ ಸಣ್ಣ ಹೋಸ್, ಬಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಬಿಸಿಯಾದಾಗ ಒತ್ತಡದಲ್ಲಿ ದ್ರವ ಟ್ಯಾಂಕಿಗೆ ಹೋಗುತ್ತಿತ್ತು, ಆರಿದಾಗ ಆ ಸೀಳಿನಿಂದ ಗಾಳಿ ಒಳಬರುತ್ತಿತ್ತು, ದ್ರವ ಟ್ಯಾಂಕಿನಲ್ಲಿಯೇ ಉಳಿಯುತ್ತಿತ್ತು. ಒಂದು ಗೇಣು ಹೋಸ್ ಬದಲಿಸಿದ್ದರಿಂದ ಎಲ್ಲ ಸರಿಹೋಯಿತು. ಅಂದಿನಿಂದ ತಿಂಗಳಿಗೊಮ್ಮೆಯಾದರೂ, ತಣ್ಣಗಿರುವಾಗ ಮಾತ್ರ, ನಾನು ರೇಡಿಯೇಟರ್ ಕ್ಯಾಪನ್ನೂ ತೆಗೆದು ನೋಡುತ್ತೇನೆ. ಬಿಸಿಯಿರುವಾಗ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

ಮಟ್ಟ ಇಳಿದಾಗ ಏನು ಸೇರಿಸಬೇಕೆಂಬುದು ಅದು ಹೇಗೆ ಇಳಿಯಿತು ಎಂಬುದರ ಮೇಲೆ ನಿಂತಿದೆ. ಬಹಳ ತಿಂಗಳುಗಳಲ್ಲಿ ನಿಧಾನವಾಗಿ, ಎಲ್ಲೂ ತೇವವಿಲ್ಲದೆ ಇಳಿದಿದ್ದರೆ ಆವಿಯಾದದ್ದು ನೀರು, ಗ್ಲೈಕಾಲ್ ಉಳಿದಿರುತ್ತದೆ. ಆಗ ಡಿಸ್ಟಿಲ್ಡ್ ವಾಟರ್ ಸೇರಿಸುತ್ತೇನೆ. ಸೋರಿ ಇಳಿದಿದ್ದರೆ ಎರಡೂ ಹೋಗಿರುತ್ತವೆ, ಆಗ ಸೋರಿಕೆ ನಿಲ್ಲಿಸಿ ಬೆರೆಸಿಟ್ಟ ಮಿಶ್ರಣವನ್ನೇ ಹಾಕುತ್ತೇನೆ. ಸೋರಿಕೆಗೆ ನಾನು ಮೊದಲು ನೋಡುವುದು ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ವೀಪ್ ಹೋಲನ್ನು: ಅಲ್ಲಿ ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ, ಎಣ್ಣೆ ಬರುತ್ತಿದ್ದರೆ ಆಯಿಲ್ ಸೀಲ್ ಹೋಗಿದೆ. ಸೋರುತ್ತಿದೆಯೆಂದು ಆ ರಂಧ್ರವನ್ನು ಮುಚ್ಚಬಾರದು, ಮುಚ್ಚಿದರೆ ಆ ದ್ರವ ಎಂಜಿನ್ ಆಯಿಲ್ ಕಡೆಗೆ ದಾರಿ ಹುಡುಕುತ್ತದೆ. ಹೊರಗೆಲ್ಲೂ ತೇವವಿಲ್ಲದೆ ಬೇಗಬೇಗ ಇಳಿಯುತ್ತಿದ್ದು, ಎಂಜಿನ್ ಓಡುವಾಗ ರಿಸರ್ವಾಯರಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು; ಅಲ್ಲಿ ಯಾವ ಕೂಲೆಂಟ್ ಸೇರಿಸಿಯೂ ಫಲವಿಲ್ಲ.

ಉಳಿದ ಕಾನ್ಸಂಟ್ರೇಟಿನಲ್ಲಿ ಕಾಲು ಲೀಟರಿನಷ್ಟು ಮಿಶ್ರಣ ಮಾಡಿ, ಬಗೆ ಮತ್ತು ಬೆರೆಸಿದ ತಿಂಗಳನ್ನು ಬಾಟಲಿಯ ಮೇಲೆ ಬರೆದು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಮೇಲೆ ಇಡುತ್ತೇನೆ, ಏಕೆಂದರೆ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ಮಾರಕವಾದ ವಿಷ. ಹಳೆಯದನ್ನೂ ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ, ಎಣ್ಣೆಯೊಡನೆ ಬೆರೆಸದೆ ಬೇರೆಯಾಗಿಯೇ ಕೊಡುತ್ತೇನೆ.